ಕ್ಲಿನಿಕಲ್ ಪಾಠದಿಂದ ಕೇಸ್ ಪ್ರೆಸೆಂಟೇಷನ್ ನಮೂನೆ: ಪ್ಲೂರಲ್ ಎಫ್ಯೂಷನ್ ಒಂದನ್ನು ಹಿಡಿದು ಹಂತಹಂತವಾಗಿ

ವಾರ್ಡಿಗೆ ಹೊಸದಾಗಿ ಬಂದ ವೈದ್ಯಕೀಯ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳಲ್ಲಿ ಒಂದು ವರ್ಷದಿಂದ ವರ್ಷಕ್ಕೆ ಬದಲಾಗುವುದೇ ಇಲ್ಲ. ಪಾಠದ ನೋಟ್ಸ್ ಪೂರ್ತಿ ಇದೆ, ಓದಿಯೂ ಆಗಿದೆ, ಆದರೆ ರೋಗಿಯ ಮಂಚದ ಪಕ್ಕದಲ್ಲಿ ನಿಂತು ಕೇಸ್ ಪ್ರೆಸೆಂಟ್ ಮಾಡಬೇಕಾದಾಗ ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಯುವುದಿಲ್ಲ, ಏನು ಮಾಡಬೇಕು ಎಂಬುದೇ ಆ ಪ್ರಶ್ನೆ. ಓದಿದ್ದು ಕಡಿಮೆಯಾದ್ದರಿಂದ ಹೀಗಾಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಪಾಠ ಹೇಳುವ ಪ್ರಾಧ್ಯಾಪಕರಿಗೆ ರೋಗದ ಹೆಸರು ಮೊದಲೇ ಗೊತ್ತಿರುತ್ತದೆ. ಅವರು ಹೆಸರಿನಿಂದ ಹೊರಟು ಲಕ್ಷಣಗಳ ಕಡೆಗೆ ಬರುತ್ತಾರೆ. ಪ್ರೆಸೆಂಟ್ ಮಾಡುವವರು ಲಕ್ಷಣಗಳಿಂದ ಹೊರಟು ಹೆಸರಿನ ಕಡೆಗೆ ಹೋಗಬೇಕು. ಆದ್ದರಿಂದ ನೋಟ್ಸನ್ನು ಅಂದವಾಗಿ ಮರುಬರೆದರೆ ನಮೂನೆ ಸಿದ್ಧವಾಗುವುದಿಲ್ಲ, ಅದನ್ನು ತಿರುವಿ ಹಾಕಬೇಕಾಗುತ್ತದೆ.

ಇದನ್ನು ತೋರಿಸಲು ನಮ್ಮ ವಾರ್ಡುಗಳಲ್ಲಿ ಆಗಾಗ ಸಿಗುವ ಪ್ಲೂರಲ್ ಎಫ್ಯೂಷನ್ ಅನ್ನು ಆರಿಸಿಕೊಂಡಿದ್ದೇನೆ. ಶ್ವಾಸಕೋಶವನ್ನು ಸುತ್ತಿರುವ ಎರಡು ಪದರದ ಪೊರೆಯ ನಡುವೆ ದ್ರವ ತುಂಬಿಕೊಳ್ಳುವುದಕ್ಕೆ ಆ ಹೆಸರು. ಮುಂದೆ ಬರುವ ರೋಗಿ ಈ ಲೇಖನಕ್ಕಾಗಿ ಕಲ್ಪಿಸಿಕೊಂಡವರು: 26 ವರ್ಷದ, ಗಾರೆ ಕೆಲಸ ಮಾಡುವ ಯುವಕ.

ನಿಮ್ಮ ಬಳಿ ಇರಬೇಕಾದುದು ಇಷ್ಟು: ಆ ಪಾಠದ ನಿಮ್ಮ ಸ್ವಂತ ಟಿಪ್ಪಣಿ, ನಾಲ್ಕು ಬಣ್ಣದ ಪೆನ್ನು, ಎರಡು ಖಾಲಿ ಹಾಳೆ. ಪಾಠವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದರೆ ಅದಕ್ಕೆ ಪಾಠ ಮಾಡಿದವರ ಒಪ್ಪಿಗೆ ಇರಬೇಕು. ಮಂಚದ ಬಳಿ ನಡೆದ ಪಾಠವಾದರೆ ರೋಗಿಯ ಒಪ್ಪಿಗೆಯೂ ಬೇಕು.

1. ಟಿಪ್ಪಣಿಯ ಪ್ರತಿಯೊಂದು ವಾಕ್ಯವನ್ನೂ ಅದರ ಮನೆಗೆ ಸೇರಿಸಿ

ಟಿಪ್ಪಣಿಯನ್ನು ಮೊದಲಿಂದ ಓದುತ್ತಾ, ಪ್ರತಿ ವಾಕ್ಯ ಎದುರಾದಾಗಲೂ ಇದು ಯಾರಿಂದ ತಿಳಿಯುವ ಸಂಗತಿ ಎಂದು ಕೇಳಿಕೊಳ್ಳಿ. ರೋಗಿಯ ಬಾಯಿಂದ ತಿಳಿಯುವುದಾದರೆ ಅದು ಹಿಸ್ಟರಿ, ಅಂದರೆ ರೋಗಚರಿತ್ರೆ. ನಿಮ್ಮ ಕಣ್ಣು, ಕೈ, ಸ್ಟೆತಾಸ್ಕೋಪಿನಿಂದ ತಿಳಿಯುವುದಾದರೆ ಅದು ಪರೀಕ್ಷೆಯಲ್ಲಿ ಕಂಡದ್ದು. ಇವೆರಡನ್ನೂ ಕೂಡಿಸಿ ನೀವು ಯೋಚಿಸಿ ಹೇಳುವುದಾದರೆ ಅದು ರೋಗನಿರ್ಣಯ. ಇನ್ನು ಮುಂದೆ ಮಾಡಬೇಕಾದುದೆಲ್ಲ ಯೋಜನೆ. ನಾಲ್ಕಕ್ಕೂ ಒಂದೊಂದು ಬಣ್ಣದಲ್ಲಿ ಗೆರೆ ಎಳೆಯಿರಿ.

ಕೆಲವು ವಾಕ್ಯಗಳಿಗೆ ಯಾವ ಬಣ್ಣವೂ ಹೊಂದುವುದಿಲ್ಲ. "ಪೊರೆಯ ಕೆಳಗಿರುವ ಚಿಕ್ಕ ಕ್ಷಯದ ಗಂಟು ಒಡೆದು ಅದರ ಪ್ರೋಟೀನ್ ಪೊರೆಯ ನಡುವೆ ಬಿದ್ದಾಗ ದೇಹ ತೋರುವ ತೀವ್ರ ಪ್ರತಿಕ್ರಿಯೆಯೇ ದ್ರವಕ್ಕೆ ಕಾರಣ" ಎಂಬ ವಾಕ್ಯ ಅಂಥದ್ದು. ಅದು ನಿಜವೇ, ವೈವಾದಲ್ಲಿ ಕೇಳಿಯೂ ಕೇಳುತ್ತಾರೆ, ಆದರೆ ಅದನ್ನು ರೋಗಿ ಹೇಳಲಾರ, ನಿಮ್ಮ ಕೈಗೂ ಸಿಗದು. ಇಂಥವನ್ನು ಎರಡನೆಯ ಹಾಳೆಗೆ ದಾಟಿಸಿ. ಅದು ವೈವಾ ಹಾಳೆ, ನಮೂನೆಯೊಳಗೆ ಅದಕ್ಕೆ ಜಾಗವಿಲ್ಲ. ವಿದ್ಯಾರ್ಥಿಗಳು ತಯಾರಿಸಿದ ನಮೂನೆಗಳು ಆರು ಪುಟಕ್ಕೆ ಉಬ್ಬುವುದು ಹೆಚ್ಚಾಗಿ ಈ ಒಂದು ಕಾರಣಕ್ಕೆ.

2. ಹೇಳಿಕೆಯನ್ನು ಖಾಲಿ ಜಾಗವಾಗಿಸಿ

ಕೆಲಸದ ತಿರುಳು ಇಲ್ಲಿದೆ. ಪಾಠದಲ್ಲಿ "ಎಫ್ಯೂಷನ್‌ನಲ್ಲಿ ಶ್ವಾಸನಾಳ ಎದುರು ಬದಿಗೆ ಸರಿಯುತ್ತದೆ" ಎಂದಿರುತ್ತದೆ. ಅದನ್ನು ಹಾಗೆಯೇ ನಮೂನೆಗೆ ಇಳಿಸಿದರೆ ಮುಂದಿನ ರೋಗಿಯಲ್ಲಿ ಸರಿದಿರದಿದ್ದರೂ ಸರಿದಿದೆ ಎಂದೇ ನಿಮ್ಮ ಕೈ ಬರೆಯುತ್ತದೆ. ನಮೂನೆಯಲ್ಲಿ ಅದು ಹೀಗಿರಲಿ:

ಶ್ವಾಸನಾಳ: ನಡುವಿನಲ್ಲಿದೆ / ಬಲಕ್ಕೆ / ಎಡಕ್ಕೆ ____, ಹೃದಯದ ತುದಿಬಡಿತ ಸಿಕ್ಕ ಜಾಗ ____

ಅಂದರೆ ನಮೂನೆ ಉತ್ತರ ಹೇಳಬಾರದು, ಪ್ರಶ್ನೆಯನ್ನಷ್ಟೇ ಕೇಳಬೇಕು. ಇಲ್ಲೊಂದು ಲಾಭವೂ ಇದೆ. ಒಂದು ಬದಿಯ ಎದೆ ಪೂರ್ತಿ ಮಂದವಾಗಿದ್ದರೂ ಶ್ವಾಸನಾಳ ಕದಲಿಲ್ಲವೆಂದರೆ, ಒಳಗೆ ಶ್ವಾಸಕೋಶವೂ ಕುಸಿದಿರಬಹುದು, ಗಡ್ಡೆಯೊಂದು ಶ್ವಾಸನಳಿಕೆಯನ್ನು ಮುಚ್ಚಿರಬಹುದು ಎಂಬ ಅನುಮಾನ ಹುಟ್ಟಬೇಕು. ಹೇಳಿಕೆಯನ್ನೇ ನಕಲು ಮಾಡಿದವರಿಗೆ ಈ ಅನುಮಾನ ಬರುವ ದಾರಿಯೇ ಮುಚ್ಚಿಹೋಗಿರುತ್ತದೆ.

ಪ್ರಮಾಣ, ಜಾಗ, ಕಾಲ ಈ ಮೂರರಲ್ಲಿ ಯಾವುದು ಅನ್ವಯಿಸುತ್ತದೋ ಅದಕ್ಕೂ ಖಾಲಿ ಜಾಗ ಬಿಡಿ. "ಉಸಿರಾಟದ ಶಬ್ದ ಕ್ಷೀಣ" ಎಂಬುದು ಅರ್ಧ ಮಾತು. ಯಾವ ಬದಿ, ಎಲ್ಲಿಂದ ಎಲ್ಲಿಯವರೆಗೆ ಎಂಬುದು ಸೇರಿದರೆ ಮಾತ್ರ ಪೂರ್ತಿಯಾಗುತ್ತದೆ.

3. ರೋಗಚರಿತ್ರೆಯನ್ನು ಕಾಲದ ಕ್ರಮಕ್ಕೆ ತನ್ನಿ

ಪಾಠದಲ್ಲಿ ಲಕ್ಷಣಗಳು ಪಟ್ಟಿಯಾಗಿ ಬರುತ್ತವೆ: ಜ್ವರ, ಎದೆನೋವು, ಉಬ್ಬಸ, ಒಣ ಕೆಮ್ಮು. ರೋಗಿಯ ಮೈಮೇಲೆ ಅವು ಒಂದರ ಹಿಂದೆ ಒಂದು ಬಂದಿರುತ್ತವೆ, ಮತ್ತು ಎಫ್ಯೂಷನ್‌ನಲ್ಲಿ ಆ ಹಿಂದುಮುಂದೇ ಅರ್ಧ ಕಥೆ. ಉರಿಯೂತದ ಮೊದಲ ದಿನಗಳಲ್ಲಿ ಪೊರೆಯ ಎರಡು ಪದರಗಳೂ ಒಂದಕ್ಕೊಂದು ಉಜ್ಜುವುದರಿಂದ ಉಸಿರೆಳೆದಾಗಲೆಲ್ಲ ಚುಚ್ಚಿದಂತೆ ನೋವಾಗುತ್ತದೆ. ದ್ರವ ತುಂಬಿ ಪದರಗಳು ದೂರವಾದಾಗ ನೋವು ತಗ್ಗುತ್ತದೆ, ಅದೇ ಹೊತ್ತಿಗೆ ಉಬ್ಬಸ ಏರುತ್ತದೆ. ಆದ್ದರಿಂದ ನೋವಿನ ಸಾಲಿನಲ್ಲಿ "ಯಾವಾಗ ಶುರು" ಎಂಬುದರ ಜೊತೆಗೆ "ಯಾವಾಗ ತಗ್ಗಿತು, ಆಗ ಬೇರೆ ಏನು ಹೆಚ್ಚಾಯಿತು" ಎಂಬ ಖಾಲಿ ಜಾಗವೂ ಇರಬೇಕು.

ನಮ್ಮ ಗಾರೆ ಕೆಲಸದ ಯುವಕನಲ್ಲಿ ಅದು ಹೀಗೆ ತುಂಬುತ್ತದೆ: "ಮೂರು ವಾರದಿಂದ ಸಂಜೆಯಾದರೆ ಏರುವ ಜ್ವರ, ರಾತ್ರಿ ಬೆವರು. ಅದೇ ವಾರ ಬಲ ಪಕ್ಕೆಯಲ್ಲಿ ಜೋರಾಗಿ ಉಸಿರೆಳೆದರೆ, ಕೆಮ್ಮಿದರೆ ಚುಚ್ಚುವ ನೋವು. ಕಳೆದ ಒಂದು ವಾರದಿಂದ ನೋವು ಕಡಿಮೆಯಾಗಿದೆ. ಆರು ದಿನದಿಂದ ಉಬ್ಬಸ. ಸಮತಟ್ಟಾದ ರಸ್ತೆಯಲ್ಲೂ ಓರಗೆಯವರ ಜೊತೆ ಹೆಜ್ಜೆ ಹಾಕಲು ಆಗುತ್ತಿಲ್ಲ."

ಇಲ್ಲಿ "ಪ್ಲೂರಿಟಿಕ್ ನೋವು" ಎಂಬ ಪದ ಬಂದಿಲ್ಲ ಎಂಬುದನ್ನು ಗಮನಿಸಿ. ಅದು ನಿಮ್ಮ ತೀರ್ಮಾನ, ರೋಗಿಯ ಮಾತಲ್ಲ. ರೋಗಿ "ಚಳುಕು ಹಿಡಿದ ಹಾಗಾಗ್ತದೆ" ಎಂದಿದ್ದರೆ ಅದನ್ನೇ ಬರೆದುಕೊಳ್ಳಿ, ಪರಿಭಾಷೆ ನಿರ್ಣಯದ ಭಾಗಕ್ಕೆ ಬರಲಿ.

ಮುಂದಿನದು ಋಣಾತ್ಮಕ ಹಿಸ್ಟರಿ, ಎಂದರೆ ಕೇಳಿ ಇಲ್ಲವೆಂದು ಖಚಿತಪಡಿಸಿಕೊಂಡ ಸಂಗತಿಗಳು. ತಲೆಯಿಂದ ಕಾಲಿನವರೆಗೆ ಇರುವ ಎಲ್ಲ ಲಕ್ಷಣಗಳನ್ನೂ ಇಲ್ಲಿ ಸುರಿಯುವುದು ಸಾಮಾನ್ಯ ತಪ್ಪು. ಪಾಠದ ಕೊನೆಯಲ್ಲಿ ಪ್ರಾಧ್ಯಾಪಕರು "ಇದನ್ನು ಯಾವುದರಿಂದ ಬೇರ್ಪಡಿಸಬೇಕು" ಎಂದು ಹೇಳಿರುತ್ತಾರಲ್ಲ, ಆ ಪಟ್ಟಿಯನ್ನೇ ತಂದು ಇಲ್ಲಿ ಪ್ರಶ್ನೆಯಾಗಿಸಿ. ಹೃದಯದ ಕಾರಣ ಬೇರ್ಪಡಿಸಲು ಕಾಲುಬಾವು, ಮಲಗಿದರೆ ಹೆಚ್ಚುವ ಉಬ್ಬಸ; ಯಕೃತ್ತಿಗಾಗಿ ಹೊಟ್ಟೆ ಉಬ್ಬರ, ಕಾಮಾಲೆ, ಮದ್ಯದ ಅಭ್ಯಾಸ; ಮೂತ್ರಪಿಂಡಕ್ಕಾಗಿ ಬೆಳಿಗ್ಗೆ ಮುಖದ ಊತ, ನೊರೆ ಮೂತ್ರ; ಕೀವಿನ ಎಫ್ಯೂಷನ್‌ಗಾಗಿ ನಡುಕದ ಜ್ವರ, ದುರ್ವಾಸನೆಯ ಕಫ; ಗಡ್ಡೆಗಾಗಿ ಕಫದಲ್ಲಿ ರಕ್ತ, ಧ್ವನಿ ಬದಲಾವಣೆ; ಸಂಧಿರೋಗಗಳಿಗಾಗಿ ಕೀಲುನೋವು. ಇಷ್ಟೇ ಸಾಕು. ಪ್ರತಿ ಪ್ರಶ್ನೆಯ ಹಿಂದೆ ಒಂದು ಕಾರಣ ಇರುವುದರಿಂದ "ಇದನ್ನೇಕೆ ಕೇಳಿದೆ" ಎಂದು ಪರೀಕ್ಷಕರು ತಡೆದರೂ ಉತ್ತರ ನಾಲಿಗೆಯಲ್ಲೇ ಇರುತ್ತದೆ.

ಹಿಂದಿನ ಕಾಯಿಲೆಯ ಸಾಲಿನಲ್ಲಿ ಕ್ಷಯ ಚಿಕಿತ್ಸೆ ಹಿಂದೆ ಪಡೆದಿದ್ದಾರೆಯೇ, ಎಷ್ಟು ತಿಂಗಳು, ಪೂರ್ತಿ ಮಾಡಿದರೇ ಎಂಬ ಮೂರು ಖಾಲಿ ಜಾಗ ಬಿಡಿ. ಮನೆಯಲ್ಲಿ ಯಾರಿಗಾದರೂ ಕ್ಷಯವಿತ್ತೇ ಎಂಬುದು, ಸಕ್ಕರೆ ಕಾಯಿಲೆ, ತೂಕ ಇಳಿದದ್ದು ಇವೂ ಇರಲಿ. ರೋಗಿಯ ಹೆಸರು, ಆಸ್ಪತ್ರೆಯ ಸಂಖ್ಯೆ ನಮೂನೆಯಲ್ಲಿ ಬೇಡ. ವಯಸ್ಸು, ಲಿಂಗ, ಕೆಲಸ ಸಾಕು.

4. ಪರೀಕ್ಷೆ: ಕಂಡದ್ದನ್ನು ಮಾತ್ರ, ಕಂಡ ಕ್ರಮದಲ್ಲಿ

ಸಾಮಾನ್ಯ ಪರೀಕ್ಷೆಗೆ ಒಂದು ಚಿಕ್ಕ ಭಾಗ ಸಾಕು: ನಾಡಿ, ರಕ್ತದೊತ್ತಡ, ಪೂರ್ತಿ ಒಂದು ನಿಮಿಷ ಎಣಿಸಿದ ಉಸಿರಿನ ಗತಿ, ಆಮ್ಲಜನಕದ ಮಟ್ಟ, ತೂಕ, ಕುತ್ತಿಗೆಯ ಗ್ರಂಥಿಗಳು, ಬೆರಳ ತುದಿಯ ಊತ, ಕಾಲಿನ ಬಾವು. ತೂಕವನ್ನು ಮರೆಯಬೇಡಿ, ಚಿಕಿತ್ಸೆಯ ಪ್ರಮಾಣ ಅದರ ಮೇಲೆ ನಿಂತಿದೆ.

ಎದೆಯ ಪರೀಕ್ಷೆ ನೋಡುವುದು, ಮುಟ್ಟುವುದು, ತಟ್ಟುವುದು, ಆಲಿಸುವುದು ಎಂಬ ನಾಲ್ಕು ಹೆಜ್ಜೆಯಲ್ಲಿ ಸಾಗುತ್ತದೆ. ಪ್ರತಿ ಹೆಜ್ಜೆಗೂ ಬಲ ಮತ್ತು ಎಡ ಎಂಬ ಎರಡು ಕಂಬ ಎಳೆಯಿರಿ, ಏಕೆಂದರೆ ಇಲ್ಲಿ ಹೇಳುವ ಎಲ್ಲವೂ ಹೋಲಿಕೆಯೇ. ದ್ರವ ಇರುವ ಬದಿ ಉಸಿರಿನೊಂದಿಗೆ ಕಡಿಮೆ ಏರುತ್ತದೆ. ರೋಗಿಯಿಂದ "ಒಂದು, ಒಂದು" ಎನ್ನಿಸಿದಾಗ ಅಂಗೈಗೆ ಸಿಗುವ ಕಂಪನ ಆ ಬದಿ ತಗ್ಗಿರುತ್ತದೆ. ತಟ್ಟಿದರೆ ಕಲ್ಲಿಗೆ ಬೆರಳು ಬಡಿದಂತೆ ಗಟ್ಟಿ ಮಂದ ನಾದ. ಆಲಿಸಿದರೆ ಉಸಿರಿನ ಶಬ್ದ ಕ್ಷೀಣ. ಇದೇ ಮಂದ ನಾದ ನ್ಯುಮೋನಿಯಾದಲ್ಲಿ ಶ್ವಾಸಕೋಶ ಗಟ್ಟಿಯಾದಾಗಲೂ ಬರುತ್ತದೆ, ಆದರೆ ಅಲ್ಲಿ ಕಂಪನ ಹೆಚ್ಚುತ್ತದೆ. ಹಾಗಾಗಿ ಕಂಪನದ ಸಾಲನ್ನು ಬಿಟ್ಟ ನಮೂನೆಯಿಂದ ಇವೆರಡನ್ನು ಬೇರ್ಪಡಿಸುವುದು ಕಷ್ಟ.

ಬಲಗಡೆಯ ಎಫ್ಯೂಷನ್‌ನಲ್ಲಿ ಎಡವುವ ಜಾಗ ಒಂದಿದೆ. ಎದೆಯ ಮುಂಭಾಗದಲ್ಲಿ, ಕೊರಳೆಲುಬಿನ ನಡುವಿನಿಂದ ಕೆಳಕ್ಕೆ ಎಳೆದ ಗೆರೆಯ ಮೇಲೆ, ಐದನೆಯ ಪಕ್ಕೆಲುಬಿನ ಕೆಳಗಿನ ಸಂದಿಯಿಂದಲೇ ಯಕೃತ್ತಿನ ಮಂದ ನಾದ ಎಲ್ಲರಲ್ಲೂ ಶುರುವಾಗುತ್ತದೆ. ಅದನ್ನೇ ದ್ರವವೆಂದು ಹೇಳಿಬಿಡುವುದು ಉಂಟು. ಪರಿಹಾರ ಸುಲಭ: ಮಂದ ನಾದ ಶುರುವಾಗುವ ಜಾಗದಲ್ಲಿ ಬೆರಳನ್ನು ಹಾಗೆಯೇ ಇಟ್ಟು, ರೋಗಿಗೆ ದೀರ್ಘವಾಗಿ ಉಸಿರೆಳೆದು ಹಿಡಿಯಲು ಹೇಳಿ, ಮತ್ತೆ ತಟ್ಟಿ. ಯಕೃತ್ತಾಗಿದ್ದರೆ ವಪೆಯೊಂದಿಗೆ ಕೆಳಗಿಳಿದು ಆ ಜಾಗ ಟೊಳ್ಳು ನಾದ ಕೊಡುತ್ತದೆ. ದ್ರವವಾಗಿದ್ದರೆ ಮಂದವಾಗಿಯೇ ಉಳಿಯುತ್ತದೆ. ಇದಕ್ಕೆ ಟೈಡಲ್ ಪರ್ಕಷನ್ ಎನ್ನುತ್ತಾರೆ. ನಮೂನೆಯಲ್ಲಿ ಅದಕ್ಕೊಂದು ಸಾಲು, ಜೊತೆಗೆ ಕಂಕುಳ ಮತ್ತು ಬೆನ್ನಿನಲ್ಲಿ ಮಂದ ನಾದದ ಮೇಲಿನ ಗಡಿ ಎಲ್ಲಿದೆ ಎಂಬುದಕ್ಕೆ ಇನ್ನೊಂದು ಸಾಲು ಇರಲಿ.

ಈ ಹಂತದ ದೊಡ್ಡ ಅಪಾಯ ಎಕ್ಸ್‌ರೇ. ಪಾಠದಲ್ಲಿ ಎಕ್ಸ್‌ರೇಯನ್ನು ಮೊದಲೇ ತೋರಿಸಿರುತ್ತಾರೆ. ವಾರ್ಡಿನಲ್ಲೂ ಅದು ಮಂಚದ ಕೆಳಗೆ ಲಕೋಟೆಯಲ್ಲಿ ಕಾಯುತ್ತಿರುತ್ತದೆ. ಅದನ್ನು ನೋಡಿ ಬಂದು ಎದೆ ತಟ್ಟಿದರೆ ಕೈಗೆ ಎಕ್ಸ್‌ರೇಯಲ್ಲಿದ್ದದ್ದೇ ಕೇಳಿಸುತ್ತದೆ. ಇಂಥ ವರದಿಯನ್ನು ಪರೀಕ್ಷಕರು ಬೇಗ ಗುರುತಿಸುತ್ತಾರೆ: ಸುಮಾರು 200 ಮಿಲಿ ಲೀಟರ್ ದ್ರವ ಇದ್ದರೂ ಎಕ್ಸ್‌ರೇಯಲ್ಲಿ ವಪೆಯ ಮೂಲೆ ಮೊಂಡಾಗಿ ಕಾಣಬಹುದು, ಕೈಗೆ ಸಿಗಲು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಬೇಕು, ಮೂಲೆ ಮಾತ್ರ ಮೊಂಡಾದ ರೋಗಿಯಲ್ಲಿ "ಕಲ್ಲಿನಂಥ ಮಂದ ನಾದ" ಎಂದು ಬರೆದಿದ್ದರೆ ಅದು ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ. ನಮೂನೆಯಲ್ಲಿ ಎಕ್ಸ್‌ರೇಗೆ ಜಾಗ ನಿರ್ಣಯದ ನಂತರವೇ.

ನಮ್ಮ ರೋಗಿಯ ಹಾಳೆ: "ಉಸಿರು ನಿಮಿಷಕ್ಕೆ 26, ಆಮ್ಲಜನಕ 95 ಶೇಕಡ, ತೂಕ 52 ಕಿಲೋ. ಶ್ವಾಸನಾಳ ಸ್ವಲ್ಪ ಎಡಕ್ಕೆ. ಬಲ ಎದೆಯ ಚಲನೆ ಕಡಿಮೆ. ಬಲಗಡೆ ಮುಂಭಾಗದಲ್ಲಿ ನಾಲ್ಕನೆಯ ಸಂದಿಯಿಂದ ಕೆಳಗೆ, ಕಂಕುಳಲ್ಲಿ ಮತ್ತು ಬೆನ್ನಿನ ಕೆಳಭಾಗದಲ್ಲಿ ಗಟ್ಟಿ ಮಂದ ನಾದ, ದೀರ್ಘ ಉಸಿರಿನಲ್ಲೂ ಬದಲಾಗದು. ಅದೇ ಜಾಗದಲ್ಲಿ ಕಂಪನವೂ ಉಸಿರಿನ ಶಬ್ದವೂ ಕ್ಷೀಣ. ಕುತ್ತಿಗೆಯಲ್ಲಿ ಗ್ರಂಥಿ ಇಲ್ಲ, ಕಾಲುಬಾವು ಇಲ್ಲ."

5. ನಿರ್ಣಯವನ್ನು ನಾಲ್ಕು ತುಂಡಾಗಿ ಬರೆಯಿರಿ

"ಕ್ಷಯದ ಎಫ್ಯೂಷನ್" ಎಂದು ಒಂದೇ ಉಸಿರಿಗೆ ಹೇಳಿದರೆ ಅದರಲ್ಲಿ ಎಷ್ಟು ಖಚಿತ, ಎಷ್ಟು ಊಹೆ ಎಂದು ತಿಳಿಯದು. ನಮೂನೆಯಲ್ಲಿ ನಾಲ್ಕು ಸಾಲು ಇಡಿ, ಪ್ರತಿ ಸಾಲಿನ ಮುಂದೆ "ಯಾವುದರಿಂದ" ಎಂಬ ಖಾಲಿ ಜಾಗ ಬಿಡಿ:

ಎಲ್ಲಿ: ಬಲ ಪ್ಲೂರಾ. ಯಾವುದರಿಂದ: ಬಲಗಡೆಯ ಮಂದ ನಾದ, ಎಡಕ್ಕೆ ಸರಿದ ಶ್ವಾಸನಾಳ.
ಏನು: ಮಧ್ಯಮ ಪ್ರಮಾಣದ ಎಫ್ಯೂಷನ್. ಯಾವುದರಿಂದ: ತಗ್ಗಿದ ಕಂಪನ, ನಾಲ್ಕನೆಯ ಸಂದಿಯವರೆಗಿನ ಗಡಿ.
ಯಾಕೆ: ಬಹುಶಃ ಕ್ಷಯ. ಯಾವುದರಿಂದ: ವಯಸ್ಸು, ವಾರಗಟ್ಟಲೆ ಸಂಜೆ ಜ್ವರ, ಒಂದೇ ಬದಿ, ಹೃದಯ, ಯಕೃತ್ತು, ಮೂತ್ರಪಿಂಡದ ಲಕ್ಷಣ ಇಲ್ಲದಿರುವುದು.
ಎಷ್ಟು ಬಾಧೆ: ನಡಿಗೆಯಲ್ಲಿ ಉಬ್ಬಸ, ವಿಶ್ರಾಂತಿಯಲ್ಲಿ ಆಮ್ಲಜನಕ ಕುಸಿದಿಲ್ಲ.

ಮೊದಲೆರಡು ಸಾಲನ್ನು ಪರೀಕ್ಷೆಯ ಬಲದ ಮೇಲೆ ಧೈರ್ಯವಾಗಿ ಹೇಳಬಹುದು. ಮೂರನೆಯದರಲ್ಲಿ "ಬಹುಶಃ" ಎಂಬ ಪದ ಉಳಿಯಲೇಬೇಕು, ಜೊತೆಗೆ ಎರಡನೆಯ ಸಾಧ್ಯತೆ ಯಾವುದು ಎಂಬುದಕ್ಕೂ ಒಂದು ಸಾಲು ಬೇಕು. ನಮ್ಮ ರೋಗಿಯಲ್ಲಿ ಅದು ನ್ಯುಮೋನಿಯಾದ ಪಕ್ಕದಲ್ಲಿ ತುಂಬಿದ ದ್ರವ. ಜ್ವರ ಮೂರು ವಾರ ನಿಧಾನವಾಗಿ ಎಳೆದಿರುವುದರಿಂದ ಅದು ಎರಡನೆಯ ಸ್ಥಾನಕ್ಕೆ ಹೋಗಿದೆ. "ಯಾವುದರಿಂದ" ಎಂಬ ಜಾಗದಲ್ಲಿ ಮೇಲಿನ ಎರಡು ಭಾಗಗಳಲ್ಲಿ ಇಲ್ಲದ ಹೊಸ ಸಂಗತಿ ಬಂದರೆ, ಅದನ್ನು ನೀವು ಪಾಠದಿಂದ ತಂದಿದ್ದೀರಿ, ರೋಗಿಯಿಂದಲ್ಲ.

6. ಯೋಜನೆ: ಪ್ರತಿ ಪರೀಕ್ಷೆಗೂ ಒಂದು ಪ್ರಶ್ನೆ

ಪಾಠದ ತನಿಖಾ ಪಟ್ಟಿಯನ್ನು ಇಡಿಯಾಗಿ ನಕಲು ಮಾಡದೆ, ಪ್ರತಿಯೊಂದರ ಪಕ್ಕದಲ್ಲಿ ಅದು ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂದು ಬರೆಯಿರಿ. ದ್ರವ ಇದೆಯೇ, ಎಷ್ಟಿದೆ ಎಂಬುದಕ್ಕೆ ಎಕ್ಸ್‌ರೇ ಮತ್ತು ಅಲ್ಟ್ರಾಸೌಂಡ್. ಯಾಕೆ ಎಂಬುದಕ್ಕೆ ದ್ರವವನ್ನೇ ತೆಗೆದು ನೋಡುವ ಪ್ಲೂರಲ್ ಟ್ಯಾಪ್. ಚಿಕಿತ್ಸೆ ಸುರಕ್ಷಿತವೇ ಎಂಬುದಕ್ಕೆ ಯಕೃತ್ತಿನ ಪರೀಕ್ಷೆ, ಸಕ್ಕರೆ, ಎಚ್‌ಐವಿ, ಕಣ್ಣಿನ ದೃಷ್ಟಿ.

ದ್ರವದ ವರದಿಗೆ ನಮೂನೆಯಲ್ಲಿ ಲೆಕ್ಕದ ಸಾಲು ಬೇಕು. 1972ರಲ್ಲಿ ರಿಚರ್ಡ್ ಲೈಟ್ ಮತ್ತು ಸಂಗಡಿಗರು ಕೊಟ್ಟ ಮಾನದಂಡದ ಪ್ರಕಾರ, ದ್ರವದ ಪ್ರೋಟೀನ್ ರಕ್ತದ್ದರ 0.5 ಪಟ್ಟಿಗಿಂತ ಹೆಚ್ಚಿದ್ದರೆ, ಅಥವಾ ದ್ರವದ ಎಲ್‌ಡಿಎಚ್ ರಕ್ತದ್ದರ 0.6 ಪಟ್ಟಿಗಿಂತ ಹೆಚ್ಚಿದ್ದರೆ, ಅಥವಾ ಅದು ರಕ್ತದ ಸಹಜ ಗರಿಷ್ಠ ಮಿತಿಯ ಮೂರರಲ್ಲಿ ಎರಡು ಭಾಗ ದಾಟಿದ್ದರೆ, ದ್ರವ ಎಕ್ಸುಡೇಟ್, ಅಂದರೆ ಪೊರೆಯ ಕಾಯಿಲೆಯಿಂದಲೇ ಒಸರಿದ್ದು. ಮೂರರಲ್ಲಿ ಒಂದು ಸಾಕು. ಹೀಗಾಗಿ ದ್ರವ ಕಳಿಸುವ ಹೊತ್ತಿಗೇ ರಕ್ತವನ್ನೂ ಕಳಿಸಬೇಕು; ದ್ರವವನ್ನಷ್ಟೇ ಕಳಿಸಿ ಮರುದಿನ ತಲೆ ಕೆರೆದುಕೊಳ್ಳುವುದು ಇಂಟರ್ನ್‌ಗಳ ನಿತ್ಯದ ಪಾಡು.

ನಮ್ಮ ರೋಗಿಯಲ್ಲಿ ಹೊಂಬಣ್ಣದ ದ್ರವ, ಪ್ರೋಟೀನ್ 5.2, ರಕ್ತದಲ್ಲಿ 7.1, ಅನುಪಾತ 0.73. ಕಣಗಳಲ್ಲಿ 90 ಶೇಕಡ ಲಿಂಫೋಸೈಟ್, ಎಡಿಎ ಎಂಬ ಕಿಣ್ವ 68. ಎಡಿಎ 40 ದಾಟಿದ್ದು ಕ್ಷಯದ ಕಡೆ ಬೆರಳು ತೋರುತ್ತದೆ, ಆದರೆ ಕೀವಿನ ಎಫ್ಯೂಷನ್, ಲಿಂಫೋಮಾದಲ್ಲೂ ಅದು ಏರುವುದರಿಂದ ಕಣಗಳ ಸಾಲಿನ ಜೊತೆಗೇ ಓದಬೇಕು. ದ್ರವದ ಸಿಬಿನ್ಯಾಟ್ ಪರೀಕ್ಷೆ ನೆಗೆಟಿವ್ ಬಂದರೆ ಕ್ಷಯ ಇಲ್ಲವೆಂದು ಬರೆಯಬೇಡಿ. ಪ್ಲೂರಾದ ದ್ರವದಲ್ಲಿ ರೋಗಾಣುಗಳು ತೀರ ಕಡಿಮೆ ಇರುವುದರಿಂದ ಅದು ಅನೇಕ ರೋಗಿಗಳಲ್ಲಿ ತಪ್ಪಿಸಿಕೊಳ್ಳುತ್ತದೆ.

ಟ್ಯಾಪ್ ಸಾಲಿನಲ್ಲಿ ಎರಡು ಎಚ್ಚರಿಕೆ ಸೇರಿಸಿ. ಸೂಜಿ ಹೋಗುವುದು ಸಂದಿಯ ಕೆಳಗಿನ ಪಕ್ಕೆಲುಬಿನ ಮೇಲಂಚಿನ ಮೇಲಿಂದ, ಏಕೆಂದರೆ ರಕ್ತನಾಳ ಮತ್ತು ನರ ಪ್ರತಿ ಪಕ್ಕೆಲುಬಿನ ಕೆಳಂಚಿಗೆ ಅಂಟಿಕೊಂಡು ಸಾಗುತ್ತವೆ. ಒಂದು ಬಾರಿಗೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಲೀಟರಿಗಿಂತ ಹೆಚ್ಚು ತೆಗೆಯುವುದಿಲ್ಲ. ನಡುವೆ ಕೆಮ್ಮು ಹತ್ತಿದರೆ, ಎದೆ ಬಿಗಿದರೆ ನಿಲ್ಲಿಸಬೇಕು, ಇಲ್ಲವಾದರೆ ಥಟ್ಟನೆ ಹಿಗ್ಗಿದ ಶ್ವಾಸಕೋಶದಲ್ಲೇ ನೀರು ತುಂಬಬಹುದು.

ಚಿಕಿತ್ಸೆಯ ಸಾಲು ಚಿಕ್ಕದು. ಔಷಧಕ್ಕೆ ಬಗ್ಗುವ ಕ್ಷಯವಾದರೆ ರಾಷ್ಟ್ರೀಯ ಕಾರ್ಯಕ್ರಮದಂತೆ ಎರಡು ತಿಂಗಳು ನಾಲ್ಕು ಔಷಧ, ಮುಂದಿನ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು, ದಿನವೂ, ತೂಕಕ್ಕೆ ತಕ್ಕಂತೆ. ಜೊತೆಗೆ ನಿಕ್ಷಯ್‌ನಲ್ಲಿ ನೋಂದಣಿ, ಮನೆಯವರ ತಪಾಸಣೆ, ಮರುಭೇಟಿಯ ದಿನ.

7. ಬೇರೆ ರೋಗಿಯ ಮೇಲೆ ಒರೆಗೆ ಹಚ್ಚಿ

ಒಂದು ರೋಗಿಗೆ ಹೊಂದಿದ ನಮೂನೆ ಆ ರೋಗಿಯ ವರದಿಯಷ್ಟೇ ಆಗಿರಬಹುದು. ಕ್ಷಯ ಅಲ್ಲದ ಎಫ್ಯೂಷನ್ ಇರುವ ಇನ್ನೊಬ್ಬರನ್ನು ಅದರಲ್ಲಿ ತುಂಬಿ ನೋಡಿ. ಹೃದಯ ವೈಫಲ್ಯದ 64 ವರ್ಷದ ಮಹಿಳೆ ಎಂದಿಟ್ಟುಕೊಳ್ಳಿ: ಜ್ವರವಿಲ್ಲ, ಎರಡೂ ಬದಿ ಸಮನಾಗಿ ಮಂದ ನಾದ, ಕಾಲುಬಾವು, ಮೂತ್ರ ಹೆಚ್ಚಿಸುವ ಮಾತ್ರೆ ಒಂದು ವಾರದಿಂದ.

ತುಂಬುತ್ತಾ ಹೋದಂತೆ ನಮೂನೆ ಮೂರು ಕಡೆ ತೊಡರುತ್ತದೆ. "ಎಲ್ಲಿ" ಎಂಬ ಸಾಲಿಗೆ ಎರಡೂ ಬದಿ ಎಂಬ ಆಯ್ಕೆ ಬೇಕಾಗುತ್ತದೆ. ಮೂತ್ರದ ಮಾತ್ರೆಯಿಂದ ನೀರಿನಂಶ ಹೋಗಿ ದ್ರವ ಗಾಢವಾಗುವುದರಿಂದ ಲೈಟ್ ಮಾನದಂಡ ಅದನ್ನು ತಪ್ಪಾಗಿ ಎಕ್ಸುಡೇಟ್ ಎನ್ನಬಹುದು. ಆಗ ರಕ್ತದ ಪ್ರೋಟೀನ್‌ನಲ್ಲಿ ದ್ರವದ್ದನ್ನು ಕಳೆದು, ಅಂತರ ಡೆಸಿಲೀಟರಿಗೆ 3.1 ಗ್ರಾಂ ದಾಟಿದೆಯೇ ಎಂದು ನೋಡುತ್ತಾರೆ, ದಾಟಿದ್ದರೆ ಅದು ಹೃದಯದ ದ್ರವವೇ. ಅದಕ್ಕೊಂದು ಸಾಲು, ಹಿಸ್ಟರಿಯಲ್ಲಿ ಈಗ ಸೇವಿಸುತ್ತಿರುವ ಮಾತ್ರೆಗಳಿಗೆ ಇನ್ನೊಂದು ಸಾಲು ಸೇರಿಸಿ.

ಮೂರನೆಯದು ಹೆಚ್ಚಿನದು. ಜ್ವರ, ಎದೆನೋವು ಇಲ್ಲದೆ ಎರಡೂ ಬದಿ ಸಮನಾಗಿ ದ್ರವ ಇದ್ದು, ಹೃದಯ ವೈಫಲ್ಯ ಸ್ಪಷ್ಟವಾಗಿದ್ದರೆ ಈಕೆಗೆ ಮೊದಲೇ ಸೂಜಿ ಚುಚ್ಚಬೇಕಾಗಿಯೇ ಇಲ್ಲ. ಹೃದಯಕ್ಕೆ ಚಿಕಿತ್ಸೆ ಕೊಟ್ಟು ಕೆಲವು ದಿನ ಕಾದು, ದ್ರವ ಇಳಿಯದಿದ್ದರೆ ಆಗ ಟ್ಯಾಪ್. ನಿಮ್ಮ ನಮೂನೆಯಲ್ಲಿ "ಪ್ಲೂರಲ್ ಟ್ಯಾಪ್: ಮಾಡಿದ ದಿನ ____" ಎಂದಿದ್ದರೆ ಅದನ್ನು ಹೊಡೆದು ಹಾಕಿ, "ಪ್ಲೂರಲ್ ಟ್ಯಾಪ್: ಬೇಕು / ಈಗ ಬೇಡ, ಕಾರಣ ____" ಎಂದು ತಿದ್ದಿ.